ಅತಿಥಿಯ ಬಯೋಡಾಟಾ ಪಕ್ಕಕ್ಕಿಡಿ, ಮೊದಲು ಫೋನ್ ಮಾಡಿ

ಪ್ರಶ್ನೆ: ಮುಂದಿನ ವಾರ ನಮ್ಮ ಕಾಲೇಜಿನ ಕಾರ್ಯಕ್ರಮದಲ್ಲಿ ಅತಿಥಿಗಳ ಪರಿಚಯ ಮಾಡುವ ಹೊಣೆ ನನ್ನದು. ಅವರು ಕಳಿಸಿದ ಬಯೋಡಾಟಾ ನಾಲ್ಕು ಪುಟ ಇದೆ. ಅದನ್ನು ಎರಡು ನಿಮಿಷಕ್ಕೆ ಇಳಿಸುವುದು ಹೇಗೆ? ಯಾವ ಪದವಿ, ಪ್ರಶಸ್ತಿ ಬಿಟ್ಟರೆ ಅವರಿಗೆ ಬೇಸರವಾಗುವುದಿಲ್ಲ?

ನನ್ನ ಕೈಗೆ ಬಂದದ್ದು ಐದು ಪುಟ. ನಾನು ಅದನ್ನು ಇಳಿಸಲೂ ಇಲ್ಲ, ಪೂರ್ತಿ ಓದಿದೆ.

ನಾನು ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಆಗ ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿಯೂ ಆಗಿದ್ದೆ. ಏಳು ದಿನದ ವಾರ್ಷಿಕ ವಿಶೇಷ ಶಿಬಿರವನ್ನು ಒಂದು ಹಳ್ಳಿಯಲ್ಲಿ ನಡೆಸುತ್ತಿದ್ದೆವು. ಬೆಳಿಗ್ಗೆ ಶ್ರಮದಾನ, ಸಂಜೆ ಗುಡಿಯ ಮುಂದಿನ ಅಂಗಳದಲ್ಲಿ ಉಪನ್ಯಾಸ. ಮೂರನೆಯ ಸಂಜೆ ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರು ಹಾವು ಕಡಿತದ ಬಗ್ಗೆ ಮಾತನಾಡಲು ಬಂದಿದ್ದರು. ಡೇರಿಗೆ ಹಾಲು ಹಾಕಿ ಬಂದ ಗಂಡಸರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ನಮ್ಮ ಐವತ್ತು ಶಿಬಿರಾರ್ಥಿಗಳು ಸೇರಿ ಅಂಗಳ ತುಂಬಿತ್ತು. ಮೈಕು ಹಿಡಿದು ಶುರು ಮಾಡಿದೆ: ಹುಟ್ಟಿದ ಊರು, ತಂದೆ ತಾಯಿ, ಎಸ್ಸೆಸ್ಸೆಲ್ಸಿಯಲ್ಲಿ ಪಡೆದ ಸ್ಥಾನ, ಎಂಬಿಬಿಎಸ್, ಎಂಡಿ, ಚಿನ್ನದ ಪದಕ, ಸದಸ್ಯತ್ವ ಪಡೆದ ಸಂಘಗಳು, ಪ್ರಬಂಧ ಮಂಡಿಸಿದ ಸಮ್ಮೇಳನಗಳು.

ಒಬ್ಬ ವಿದ್ಯಾರ್ಥಿ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದ. ಶಿಬಿರ ಮುಗಿದ ಮೇಲೆ ಕುಳಿತು ನೋಡಿದೆ. ಎಂಟು ನಿಮಿಷ ನಲವತ್ತು ಸೆಕೆಂಡು. ಮೂವತ್ತೊಂದು ವಾಕ್ಯ. ಎಲ್ಲವೂ ‘ಶ್ರೀಯುತರು’ ಅಥವಾ ‘ಇವರು’ ಎಂದೇ ಶುರುವಾಗುತ್ತಿದ್ದವು. ‘ನೀವು’ ಎಂಬ ಪದ ಒಮ್ಮೆಯೂ ಇಲ್ಲ. ಹಾವಿನ ಮಾತು ಬಂದದ್ದು ಏಳನೆಯ ನಿಮಿಷದಲ್ಲಿ, ಅದೂ ಒಂದು ಸಂಶೋಧನಾ ಪ್ರಬಂಧದ ಇಂಗ್ಲಿಷ್ ಶೀರ್ಷಿಕೆಯೊಳಗೆ. ನಾಲ್ಕನೆಯ ನಿಮಿಷಕ್ಕೇ ಹಿಂದಿನ ಸಾಲಿನ ಗಂಡಸರು ಟವೆಲ್ ಕೊಡವಿಕೊಂಡು ಏಳತೊಡಗಿದ್ದು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಓದುವುದರಲ್ಲಿ ಮುಳುಗಿದ್ದ ನನಗೆ ಅವತ್ತು ಕಂಡಿರಲಿಲ್ಲ.

ವೈದ್ಯರು ಮೈಕಿನ ಮುಂದೆ ಬರುವ ಹೊತ್ತಿಗೆ ಉಳಿದವರು ನಮ್ಮ ಹುಡುಗರು ಮತ್ತು ಊರಿನ ಮಕ್ಕಳು. ಅವರು ಹದಿನೈದು ನಿಮಿಷದಲ್ಲಿ ಮಾತು ಮುಗಿಸಿದರು. ಕಾರು ಹತ್ತುವ ಮುನ್ನ ತಮ್ಮ ಚೀಲ ತೆರೆದು ಒಂದು ಗಾಜಿನ ಪ್ರನಾಳ ತೋರಿಸಿದರು. ಕೊಳಕುಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ತಿಳಿಯಲು ಆಸ್ಪತ್ರೆಯಲ್ಲಿ ಶುಭ್ರವಾದ, ಒಣಗಿದ ಗಾಜಿನ ಪ್ರನಾಳದಲ್ಲಿ ಸ್ವಲ್ಪ ರಕ್ತ ತೆಗೆದು ಇಪ್ಪತ್ತು ನಿಮಿಷ ಅಲುಗಾಡಿಸದೆ ಬಿಟ್ಟು, ಆಮೇಲೆ ಓರೆ ಮಾಡಿ ನೋಡುತ್ತಾರೆ. ಆರೋಗ್ಯವಂತರ ರಕ್ತ ಗಟ್ಟಿಯಾಗಿ ನಿಂತಿರುತ್ತದೆ, ವಿಷವೇರಿದವರ ರಕ್ತ ನೀರಿನಂತೆ ಹರಿಯುತ್ತದೆ. ಮಾತು ಶುರು ಮಾಡುವಾಗ ಜೊತೆಗಿದ್ದ ಶುಶ್ರೂಷಕಿಯಿಂದ ತಮ್ಮದೇ ರಕ್ತ ತೆಗೆಸಿಟ್ಟು, ಮಾತು ಮುಗಿಯುವಾಗ ಓರೆ ಮಾಡಿ ತೋರಿಸಬೇಕೆಂದಿದ್ದರಂತೆ. ಜನ ಎದ್ದು ಹೋಗುತ್ತಿರುವುದನ್ನು ಕಂಡು ಪ್ರನಾಳವನ್ನು ಹೊರತೆಗೆಯಲೇ ಇಲ್ಲ. ಇಪ್ಪತ್ತು ನಿಮಿಷ ಕಾಯುವ ಸಭೆಯನ್ನು ನಾನು ಅವರಿಗೆ ಉಳಿಸಿಕೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಟೀ ಅಂಗಡಿಯಲ್ಲಿ ಹಿರಿಯರೊಬ್ಬರು ಹೇಳಿದರು: “ಮೇಷ್ಟ್ರೇ, ನಿನ್ನೆ ಬಂದವರು ಹಾವಿನ ಡಾಕ್ಟರೆಂದು ಗೊತ್ತಿದ್ದರೆ ಕೂರುತ್ತಿದ್ದೆವು. ಯಾರೋ ದೊಡ್ಡವರಿಗೆ ಸನ್ಮಾನ ಇದೆ ಎಂದುಕೊಂಡು ಎದ್ದೆವು.”

ನಿಮ್ಮ ಪ್ರಶ್ನೆಗೆ ಉತ್ತರ ಈ ಮಾತಿನಲ್ಲೇ ಇದೆ ಎಂದು ನಂಬಿದ್ದೇನೆ. ಬಹಳ ದಿನ ನಾನು ತಪ್ಪು ಉದ್ದದ್ದು ಎಂದೇ ತಿಳಿದಿದ್ದೆ. ಅಲ್ಲ. ಅದೇ ಬಯೋಡಾಟಾವನ್ನು ಎರಡು ನಿಮಿಷಕ್ಕೆ ಇಳಿಸಿ ಓದಿದ್ದರೂ ಊರಿನವರಿಗೆ ಅದು ಯಾರೋ ದೊಡ್ಡವರ ವಿಷಯವೇ ಆಗಿರುತ್ತಿತ್ತು. ತಪ್ಪು ಆಗಿದ್ದು ಹದಿನೈದು ದಿನ ಮೊದಲು, ಫೋನಿನಲ್ಲಿ. “ಸರ್, ನಿಮ್ಮ ಬಯೋಡಾಟಾ ಕಳಿಸಿ” ಎಂದಷ್ಟೇ ಕೇಳಿ ಇಟ್ಟುಬಿಟ್ಟೆ. ಬಯೋಡಾಟಾ ಕೇಳಿದರೆ ಬಯೋಡಾಟಾ ಬರುತ್ತದೆ. ಅದು ನೌಕರಿ ಕೊಡುವವರಿಗಾಗಿ, ಬಡ್ತಿ ಕೊಡುವವರಿಗಾಗಿ ಬರೆದ ಕಾಗದ. ಗುಡಿಯ ಅಂಗಳದಲ್ಲಿ ಕುಳಿತ ರೈತ ಅವರಿಗೆ ನೌಕರಿ ಕೊಡಬೇಕಾಗಿಲ್ಲ, ತನ್ನ ಒಂದು ಗಂಟೆ ಕೊಡಬೇಕು. ಆ ಗಂಟೆಯನ್ನು ಏಕೆ ಕೊಡಬೇಕೆಂಬುದಕ್ಕೆ ಆ ಐದು ಪುಟದಲ್ಲಿ ಒಂದು ಸಾಲೂ ಇರಲಿಲ್ಲ. ವೈದ್ಯರು ಏನು ಹೇಳುತ್ತಾರೆ, ಏನು ತೋರಿಸುತ್ತಾರೆ ಎಂದು ನಾನು ಕೇಳಿರಲೇ ಇಲ್ಲ. ಕೇಳಿದ್ದರೆ ಪ್ರನಾಳದ ಸಂಗತಿ ಆವತ್ತೇ ತಿಳಿಯುತ್ತಿತ್ತು.

ಆದ್ದರಿಂದ ಯಾವುದನ್ನು ಬಿಡಬೇಕೆಂಬ ಪ್ರಶ್ನೆಯನ್ನೇ ಬಿಡಿ. ಮದುವೆ ಮನೆಯಲ್ಲಿ ನಾವು ಪರಿಚಯ ಮಾಡಿಸುವುದನ್ನು ನೆನಪಿಸಿಕೊಳ್ಳಿ. “ಇವರು ನಿನ್ನ ಸೋದರತ್ತೆಯ ಭಾವಮೈದುನ, ನೀನು ಚಿಕ್ಕವಳಿದ್ದಾಗ ಇವರ ಮನೆಯಲ್ಲೇ ಒಂದು ಬೇಸಿಗೆ ಇದ್ದೆ” ಎನ್ನುತ್ತೇವೆ. ಎದುರಿಗಿರುವವರಿಗೆ ಏನಾಗಬೇಕು ಎಂಬುದನ್ನು ಮೊದಲು ಹೇಳುತ್ತೇವೆ. ಅಂಕಪಟ್ಟಿ ಓದುವುದಿಲ್ಲ. ವೇದಿಕೆ ಹತ್ತಿದ ಕೂಡಲೇ ಅದು ನಮಗೆ ಮರೆತುಹೋಗುತ್ತದೆ.

ಮರುವರ್ಷ ಶಿಬಿರ ಬೇರೊಂದು ಹಳ್ಳಿಯಲ್ಲಿ. ಅದೇ ವೈದ್ಯರನ್ನು ಮತ್ತೆ ಕರೆದೆ, ಅವರು ದೊಡ್ಡ ಮನಸ್ಸಿನಿಂದ ಒಪ್ಪಿದರು. ಈ ಸಲ ಫೋನಿನಲ್ಲಿ ಮೂರು ವಿಷಯ ಕೇಳಿದೆ. ನಿಮ್ಮ ಮಾತು ಕೇಳಿ ಮನೆಗೆ ಹೋದವರು ಏನನ್ನು ಬೇರೆ ರೀತಿ ಮಾಡಬೇಕು? ನೀವು ಮೊದಲು ಹೇಳುವ ಮಾತು ಯಾವುದು? (ನಾನು ಅದನ್ನು ಮೊದಲೇ ಹೇಳಿ ಕೆಡಿಸಬಾರದಲ್ಲ.) ನಿಮ್ಮ ಹೆಸರನ್ನು, ಇನಿಷಿಯಲ್ಲನ್ನು ಹೇಗೆ ಹೇಳಲಿ? ಮೊದಲನೆಯದಕ್ಕೆ ಅವರ ಉತ್ತರ: “ಕಟ್ಟು ಬಿಗಿಯುವುದು, ಕುಯ್ಯುವುದು ನಿಲ್ಲಿಸಿ ನೇರವಾಗಿ ಆಸ್ಪತ್ರೆಗೆ ಬರಬೇಕು.” ಆಮೇಲೆ ಶಿಬಿರದ ಮೊದಲ ಎರಡು ದಿನ ಊರಿನ ಆರು ಜನರನ್ನು ಮಾತನಾಡಿಸಿದೆ. ಬರೆದದ್ದು ಇಷ್ಟು:

“ಎಲ್ಲರಿಗೂ ನಮಸ್ಕಾರ. ಈ ವಾರ ನಿಮ್ಮ ಊರಿಗೆ ತ್ರೀ ಫೇಸ್ ಕರೆಂಟು ಬರುವುದು ರಾತ್ರಿ ಹತ್ತಕ್ಕೆ. ಇಲ್ಲಿ ಕುಳಿತವರಲ್ಲಿ ಹಲವರು ಇನ್ನೆರಡು ಗಂಟೆಯಲ್ಲಿ ಮೋಟಾರು ಹಾಕಲು ಹೊಲಕ್ಕೆ ಹೋಗುತ್ತೀರಿ. ಬದುವಿನ ಮೇಲೆ ಹುಲ್ಲು ಮೊಣಕಾಲುದ್ದ ಇದೆ, ಬೆಳಿಗ್ಗೆ ನಾನೂ ಅದೇ ಬದುವಿನ ಮೇಲೆ ನಡೆದು ಬಂದೆ. ಆ ಕತ್ತಲಲ್ಲಿ ಕಾಲಿಗೆ ಏನೋ ಚುಚ್ಚಿದರೆ ಮುಳ್ಳೋ ಹಾವೋ ಎಂದು ಹೇಳುವುದು ಕಷ್ಟ. ಆಗ ಮೊದಲು ಏನು ಮಾಡುತ್ತೀರಿ ಎಂದು ಈ ಊರಿನ ಆರು ಜನರನ್ನು ಕೇಳಿದೆ. ಆರು ಬೇರೆ ಬೇರೆ ಉತ್ತರ ಸಿಕ್ಕವು. ಹಾವು ಕಡಿದವರಿಗೆ ಹನ್ನೊಂದು ವರ್ಷದಿಂದ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ಕೊಡುತ್ತಿರುವವರು ಇವತ್ತು ನಮ್ಮ ಜೊತೆ ಇದ್ದಾರೆ. ಆ ಆರು ಉತ್ತರಗಳಲ್ಲಿ ಸರಿ ಯಾವುದು ಎಂದು ಅವರನ್ನೇ ಕೇಳೋಣ.” ಕೊನೆಗೆ ಅವರ ಹೆಸರು.

ಗಡಿಯಾರ ಇಟ್ಟು ಓದಿದರೆ ಒಂದು ನಿಮಿಷ ಚಿಲ್ಲರೆ. ಇದರಲ್ಲಿ ಅತಿಥಿಯ ಬಗ್ಗೆ ಇರುವುದು ಒಂದೇ ಸಂಗತಿ, ಹನ್ನೊಂದು ವರ್ಷದ ಅನುಭವ. ಅದನ್ನು ಆರಿಸಿದ್ದಕ್ಕೆ ಕಾರಣವಿದೆ. ಈ ವಿಷಯದಲ್ಲಿ ಇವರ ಮಾತನ್ನು ಏಕೆ ನಂಬಬೇಕೆಂದು ಊರಿನವನೊಬ್ಬ ಕೇಳಿದರೆ ಚಿನ್ನದ ಪದಕ ಉತ್ತರವಾಗುವುದಿಲ್ಲ, ‘ನಮ್ಮ ತಾಲ್ಲೂಕಿನಲ್ಲೇ ಹನ್ನೊಂದು ವರ್ಷ’ ಉತ್ತರವಾಗುತ್ತದೆ. ಕಟ್ಟು ಬಿಗಿಯಬಾರದು ಎಂಬುದನ್ನು ನಾನು ಹೇಳಲಿಲ್ಲ, ಅದು ಅವರ ಮಾತು. ಪ್ರಶ್ನೆ ಎಬ್ಬಿಸುವುದಷ್ಟೇ ಪರಿಚಯಿಸುವವನ ಪಾಲು. ‘ಅದ್ಭುತ ವಾಗ್ಮಿಗಳು’ ಎಂದೂ ಬರೆಯಲಿಲ್ಲ. ಹಾಗೆ ಹೇಳಿದರೆ ಜನ ಮಾತಿನ ಸೊಗಸನ್ನು ಅಳೆಯುತ್ತ ಕೂರುತ್ತಾರೆ.

ಮೊದಲ ಕರಡಿನಲ್ಲಿ ಇನ್ನೊಂದು ವಾಕ್ಯವಿತ್ತು. ಹಿಂದಿನ ವರ್ಷ ಆ ಊರಿನ ಹುಡುಗನೊಬ್ಬ ಹಾವು ಕಡಿದು ತೀರಿಕೊಂಡಿದ್ದ, ಅದರಿಂದಲೇ ಶುರು ಮಾಡಿದ್ದೆ. ಪಂಚಾಯಿತಿ ಸದಸ್ಯರೊಬ್ಬರಿಗೆ ಓದಿ ತೋರಿಸಿದಾಗ ಅವರು ಮೆಲ್ಲಗೆ, “ಅವನ ತಾಯಿ ಮುಂದೆಯೇ ಕುಳಿತಿರುತ್ತಾಳೆ, ಮೇಷ್ಟ್ರೇ” ಎಂದರು. ತೆಗೆದುಹಾಕಿದೆ. ಸಭೆಗೆ ಸಂಬಂಧ ಕಟ್ಟುವ ಹುಮ್ಮಸ್ಸಿನಲ್ಲಿ ಯಾರದೋ ಗಾಯ ಕೆದಕುವ ಅಪಾಯ ನಿಜವಾಗಿಯೂ ಇದೆ. ನಿಮ್ಮ ಕರಡನ್ನೂ ಆ ಸಭೆಯಲ್ಲೇ ಕೂರುವ ಒಬ್ಬರಿಗೆ ತಪ್ಪದೆ ಮೊದಲು ಓದಿ ತೋರಿಸಿ.

ಸಭೆ ಬದಲಾದರೆ ಅದೇ ಅತಿಥಿಗೆ ಅದೇ ಪರಿಚಯ ನಡೆಯುವುದಿಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದರೆ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಗುಡಿಯ ಅಂಗಳದಲ್ಲಿ ಇದನ್ನು ಹೇಳಿದರೆ ಯಾರೂ ಕಿವಿ ನಿಮಿರಿಸುವುದಿಲ್ಲ. ಆದರೆ ಎದುರಿಗೆ ಶುಶ್ರೂಷಕಿಯರೂ ಆಸ್ಪತ್ರೆ ಸಿಬ್ಬಂದಿಯೂ ಕುಳಿತಿದ್ದರೆ ನಾನು ಇದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಅವರ ದಿನದ ಕೆಲಸವನ್ನೇ ಮುಟ್ಟುತ್ತದೆ. ನಿಮ್ಮ ಸಭೆಯಲ್ಲಿ ಯಾರು ಕೂರುತ್ತಾರೆ ಎಂದು ನೀವು ಪ್ರಶ್ನೆಯಲ್ಲಿ ಒಂದು ಮಾತೂ ಬರೆದಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು. ಅಂತಿಮ ವರ್ಷದ ಬಿ.ಕಾಂ. ವಿದ್ಯಾರ್ಥಿಗಳೋ, ಈಗಷ್ಟೇ ಸೇರಿದವರೋ, ಪೋಷಕರೋ? ಇದು ತಿಳಿಯದೆ ಮೊದಲ ವಾಕ್ಯ ಬರೆಯಲು ಆಗುವುದಿಲ್ಲ.

ಇನ್ನು ಬೇಸರದ ವಿಷಯ. ನಮ್ಮ ಪ್ರಾಂಶುಪಾಲರೂ ಇದನ್ನೇ ಕೇಳಿದ್ದರು. ಗೌರವ ಸಲ್ಲಿಸಲು ನಮ್ಮ ಸಭೆಗಳಲ್ಲಿ ಬೇರೆ ಜಾಗಗಳಿವೆ. ಪದವಿ, ಹುದ್ದೆಗಳನ್ನು ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಕೆಳಗೆ ಅಚ್ಚು ಹಾಕಿಸಿ. ಪ್ರಶಸ್ತಿಗಳನ್ನು ಶಾಲು ಹೊದಿಸುವ ಹೊತ್ತಿಗೆ ನಿರೂಪಕರು ಎರಡು ಸಾಲಿನಲ್ಲಿ ಹೇಳಲಿ. ಆ ಸನ್ಮಾನ ಉಪನ್ಯಾಸದ ನಂತರ ಇರಲಿ, ಆಗ ಚಪ್ಪಾಳೆ ತಾನಾಗಿ ಬರುತ್ತದೆ. ಇಷ್ಟಾದರೂ ಸಂದೇಹವಿದ್ದರೆ ನಿಮ್ಮ ಪರಿಚಯವನ್ನು ಮೊದಲೇ ಅತಿಥಿಗೆ ಕಳಿಸಿಬಿಡಿ. ನಾನು ಕಳಿಸಿದ್ದೆ. ವೈದ್ಯರು ಒಂದು ತಿದ್ದುಪಡಿ ಮಾಡಿ ಹಿಂತಿರುಗಿಸಿದರು: ನಾನು ‘ಹತ್ತು ವರ್ಷ’ ಎಂದು ಬರೆದಿದ್ದನ್ನು ‘ಹನ್ನೊಂದು’ ಮಾಡಿದ್ದರು. ಚಿನ್ನದ ಪದಕ ಏಕಿಲ್ಲ ಎಂದು ಕೇಳಲಿಲ್ಲ.

ಆ ಸಂಜೆ ಅವರು ರಕ್ತ ತೆಗೆಸಿ, ಪ್ರನಾಳವನ್ನು ಮುಂದಿನ ಸಾಲಿನ ಅಜ್ಜಿಯೊಬ್ಬರ ಪಕ್ಕದ ಜಗುಲಿಯ ಮೇಲೆ ನಿಲ್ಲಿಸಿ, “ಯಾರೂ ಮುಟ್ಟದಂತೆ ನೋಡಿಕೊಳ್ಳಿ, ಅಮ್ಮಾ” ಎಂದರು. ಅಜ್ಜಿ ಮಾತು ಕೇಳುತ್ತಲೇ ಆಗಾಗ ಪ್ರನಾಳದ ಕಡೆ ಕಣ್ಣು ಹಾಯಿಸುತ್ತಿದ್ದರು. ಇಪ್ಪತ್ತು ನಿಮಿಷ ಕಳೆದ ಮೇಲೆ ವೈದ್ಯರು ಅದನ್ನು ಓರೆ ಮಾಡಿದಾಗ, ರಕ್ತ ಜಾರದೆ ನಿಂತದ್ದನ್ನು ನೋಡಲು ಹಿಂದಿನ ಸಾಲಿನ ಗಂಡಸರು ಎದ್ದು ಮುಂದೆ ಬಂದರು.