ನೀರು ಮುಟ್ಟಿದ ಜೋಳ, ನೀರು ಮುಟ್ಟದ ಜೋಳ

ಪ್ರಶ್ನೆ: ಹಾವೇರಿ ಜಿಲ್ಲೆಯ ಹೊಳೆದಂಡೆಯ ಊರು ನಮ್ಮದು. ಮನೆಯಲ್ಲಿ ಎರಡಡಿ ನೀರು ನಿಂತು ನಿನ್ನೆ ಇಳಿಯಿತು. ಒಂದರ ಮೇಲೊಂದು ಒಟ್ಟಿದ್ದ ಐದು ಚೀಲ ಜೋಳದಲ್ಲಿ ಕೆಳಗಿನವು ನೆನೆದಿವೆ. ತೊಳೆದು ಒಣಗಿಸಿದರೆ ರೊಟ್ಟಿಗೆ ಬರುತ್ತದೆಯೇ? ಡಬ್ಬಿಯ ಸಾಮಾನು, ಉಳ್ಳಾಗಡ್ಡಿ ಏನು ಮಾಡಬೇಕು?

ಕೆಳಗಿನ ಎರಡು ಚೀಲದ ಆಸೆ ಬಿಟ್ಟುಬಿಡಿ. ಈ ಮಾತು ಹೇಳುವುದು ನನಗೂ ಕಷ್ಟ. ನಮ್ಮದು ನರಗುಂದ ತಾಲೂಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಒಳಗೆ ಬಂದಾಗ ನಾವು ಆ ಆಸೆ ಬಿಟ್ಟಿರಲಿಲ್ಲ. ಒಂದು ಚೀಲ ಮಾಲ್ದಂಡಿ ಜೋಳವನ್ನು ನಮ್ಮ ಅವ್ವ ಮೂರು ನೀರಿನಲ್ಲಿ ತೊಳೆದು ಮಾಳಿಗೆಯ ಮೇಲೆ ಹರವಿದಳು. ಮೋಡ ಮುಸುಕಿತ್ತು, ಒಣಗಲು ನಾಲ್ಕು ದಿನ ಹಿಡಿಯಿತು. ನೋಡಲು ಕಾಳು ಬೆಳ್ಳಗೇ ಇತ್ತು. ಅಂಗೈಯಲ್ಲಿ ಹಿಡಿದು ಒಂದೊಂದನ್ನೇ ತಿರುಗಿಸಿದಾಗ ಮೊಳಕೆ ಬರುವ ಮೂತಿಯಲ್ಲಿ ಬೂದು ಬಣ್ಣದ ಚುಕ್ಕೆ ಕಂಡಿತು. ಬೀಸಿದ ಹಿಟ್ಟಿಗೆ ಮುಗ್ಗಲು ವಾಸನೆ, ರೊಟ್ಟಿ ಕಹಿ. ಆಮೇಲೆ ಚೆಲ್ಲಿದೆವು. ನಾಲ್ಕು ದಿನದ ದುಡಿತವೂ ಹೋಯಿತು.

ತೊಳೆಯುವುದರಿಂದ ಏಕೆ ಆಗುವುದಿಲ್ಲವೆಂದರೆ, ಕಾಳು ನೀರನ್ನು ಮೈಮೇಲೆ ಹೊರುವುದಿಲ್ಲ, ಒಳಗೆ ಕುಡಿಯುತ್ತದೆ. ಹೊಳೆಯ ನೀರು ಮನೆಗೆ ಬರುವಾಗ ಶೌಚಾಲಯದ ಗುಂಡಿ, ಗಟಾರು, ತಿಪ್ಪೆ, ಸತ್ತ ದನ, ಹತ್ತಿ ಮತ್ತು ಮೆಣಸಿನಕಾಯಿ ಹೊಲಕ್ಕೆ ಹೊಡೆದ ಔಷಧಿ ಎಲ್ಲವನ್ನೂ ಹಾಯ್ದು ಬರುತ್ತದೆ. ಕುದಿಸಿದರೆ ರೋಗಾಣುಗಳು ಸಾಯಬಹುದು, ಔಷಧಿ ಹೋಗುವುದಿಲ್ಲ. ಅದರ ಮೇಲೆ ಬೂಸ್ಟು. ನೆನೆದ ಕಾಳಿನ ರಾಶಿಯಲ್ಲಿ ಒಂದೆರಡು ದಿನದಲ್ಲೇ ಬೂಸ್ಟು ಹಿಡಿಯಲು ಶುರುವಾಗುತ್ತದೆ. ಅದು ಬಿಡುವ ವಿಷ ಹಂಚಿನ ಬಿಸಿಗೂ ಕುಕ್ಕರಿನ ಬಿಸಿಗೂ ನಾಶವಾಗುವುದಿಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡಿತ್ತು. ಪರೀಕ್ಷಿಸಿದಾಗ ಆ ಕಾಳಿನಲ್ಲಿ ಫ್ಯುಮೋನಿಸಿನ್ ಎಂಬ ಬೂಸ್ಟಿನ ವಿಷ ಸಿಕ್ಕಿತು. ಅದು ಬರೀ ಮಳೆಯ ನೀರು. ನಿಮ್ಮದು ಹೊಳೆಯ ನೀರು.

ಮೂರನೆಯ ಚೀಲ ನಿಜವಾದ ತೊಡಕು. ಗೋಡೆಯ ಮೇಲಿನ ನೀರಿನ ಗೆರೆಗಿಂತ ಅದು ಮೇಲಿರಬಹುದು, ಆದರೆ ಗೋಣಿಚೀಲ ದೀಪದ ಬತ್ತಿಯಂತೆ ಕೆಳಗಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಅದನ್ನು ಉರುಳಿಸಬೇಡಿ, ಉರುಳಿಸಿದರೆ ಒಣಗಿದ್ದು ಹಸಿಯದು ಬೆರೆಯುತ್ತದೆ. ಇದ್ದಲ್ಲಿಯೇ ಪಕ್ಕದ ಹೊಲಿಗೆ ಬಿಚ್ಚಿ ತಳದ ಕಾಳು ನೋಡಿ. ತಳ ಹಸಿಯಾಗಿದ್ದರೆ ಆ ಚೀಲವೂ ಹೋಯಿತು ಎಂದೇ ತಿಳಿಯಿರಿ. ಮೇಲಿನ ಅರ್ಧ ಉಳಿಸಿಕೊಳ್ಳೋಣ ಎಂದು ನಾನಾದರೆ ಕೈ ಹಾಕುವುದಿಲ್ಲ.

ಮೇಲಿನ ಎರಡು ಚೀಲ ಉಳಿಯುತ್ತವೆ, ಆದರೆ ತಾವಾಗಿಯೇ ಅಲ್ಲ. ನೀರು ಮುಟ್ಟದಿದ್ದರೂ ಥಂಡಿ ಹಿಡಿದ ಕೋಣೆಯ ಗಾಳಿಯಿಂದ ಕಾಳು ತೇವ ಎಳೆಯುತ್ತದೆ. ಮೂಗಿಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಚೀಲದ ಬಾಯಿ ಬಿಚ್ಚಿ, ತೋಳನ್ನು ನಟ್ಟನಡುವಿನವರೆಗೆ ತೂರಿಸಿ. ಒಳಗೆ ಬೆಚ್ಚಗೆ ಹತ್ತಿದರೆ ಕಾಳು ಕಾವು ಕಟ್ಟುತ್ತಿದೆ ಎಂದರ್ಥ. ಕೈ ಅಷ್ಟು ದೂರ ಹೋಗದಿದ್ದರೆ ಒಂದು ಕಬ್ಬಿಣದ ಸಲಾಕೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆದು ಮುಟ್ಟಿ ನೋಡಿ. ಗಂಟುಗಟ್ಟಿದ ಕಾಳು, ಬೂದು, ಕಪ್ಪು ಇಲ್ಲವೇ ನಸುಗೆಂಪು ಬಣ್ಣ, ಮುಗ್ಗಲು ವಾಸನೆ ಇದ್ದರೆ ಆ ಚೀಲವನ್ನೂ ಬಿಡಿ.

ಇವೇನೂ ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ ಮಾಡಿ. ಈ ಮಳೆಯಲ್ಲಿ ಉಪ್ಪೂ ಹಸಿಯಾಗಿರುತ್ತದೆ, ಮೊದಲು ಅದನ್ನು ಹಂಚಿನ ಮೇಲೆ ಹುರಿದು ಆರಿಸಿ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಮೂರರಲ್ಲೊಂದು ಭಾಗ ಜೋಳ ಹಾಕಿ, ಎರಡು ಚಮಚ ಆ ಉಪ್ಪು ಸೇರಿಸಿ, ಮುಚ್ಚಿ ಒಂದು ನಿಮಿಷ ಜೋರಾಗಿ ಅಲುಗಾಡಿಸಿ, ಕಾಲು ಗಂಟೆ ಇಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ಕಾಳಿನ ತೇವ ಶೇ 15ಕ್ಕಿಂತ ಹೆಚ್ಚಿದೆ, ಇವತ್ತೇ ಹರವಬೇಕು. ಮೆತ್ತಿಕೊಳ್ಳದಿದ್ದರೂ ಕೆಲಸ ಮುಗಿದಿಲ್ಲ, ಏಕೆಂದರೆ ತಿಂಗಳುಗಟ್ಟಲೆ ಇಡಲು ತೇವ ಶೇ 12ರ ಆಸುಪಾಸಿಗೆ ಇಳಿಯಬೇಕು. ಅದಕ್ಕೆ ಹಲ್ಲೇ ಅಳತೆ. ಕಚ್ಚಿದರೆ ಕಾಳು ಕಟಕ್ಕನೆ ಒಡೆಯಬೇಕು, ಮೆತ್ತಗೆ ನಜ್ಜಾಗಬಾರದು.

ಹರವುವುದು ತಾಡಪಾಲಿನ ಮೇಲೆ, ಎರಡು ಬೆರಳು ದಪ್ಪಕ್ಕಿಂತ ಹೆಚ್ಚಿಲ್ಲದಂತೆ, ಅರ್ಧ ಗಂಟೆಗೊಮ್ಮೆ ಕೈಯಾಡಿಸುತ್ತ. ಬಿಸಿಲಿಲ್ಲದಿದ್ದರೆ ನೀರು ಹೊಗದ ಯಾರದಾದರೂ ಮನೆಯ ಪಡಸಾಲೆಯಲ್ಲಿ ಫ್ಯಾನ್ ಹಾಕಿ, ಬಾಗಿಲು ಕಿಟಕಿ ತೆರೆದಿಡಿ. ಬಿಸಿಲಿನಿಂದ ತಂದ ಕಾಳು ಪೂರ್ತಿ ಆರಿದ ಮೇಲೆಯೇ ಚೀಲಕ್ಕೆ ತುಂಬಿ. ಬಿಸಿ ಇದ್ದಾಗಲೇ ಕಟ್ಟಿದರೆ ಒಳಗೆ ಬೆವರುತ್ತದೆ, ಮಾಡಿದ್ದೆಲ್ಲ ಹಾಳು. ಶೇಂಗಾ ಇದ್ದರೆ ಇನ್ನೂ ಬಿಗಿಯಾಗಿರಿ. ಬೂಸ್ಟಿನ ವಿಷ ಅದರಲ್ಲಿ ಬೇಗ ಕೂಡಿಕೊಳ್ಳುತ್ತದೆ, ಸಂಶಯ ಬಂದದ್ದನ್ನು ಆರಿಸುತ್ತ ಕೂರಬೇಡಿ, ಚೆಲ್ಲಿ.

ಡಬ್ಬಿಗಳಲ್ಲಿ ಎರಡು ಜಾತಿ. ನಾವು ಬೇಳೆ, ರವೆ, ಖಾರದ ಪುಡಿ ತುಂಬುವ ಸ್ಟೀಲ್ ಡಬ್ಬಿಯ ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ನೀರನ್ನು ತಡೆಯುವುದಿಲ್ಲ. ನೀರು ಮುಚ್ಚಳ ಮುಟ್ಟಿದ್ದರೆ ಒಳಗಿನದು ಒಣಗಿದಂತೆ ಕಂಡರೂ ಚೆಲ್ಲಿ, ಡಬ್ಬಿಯನ್ನು ತೊಳೆದು ಕುದಿಯುವ ನೀರಿನಲ್ಲಿ ಅದ್ದಿ ಇಟ್ಟುಕೊಳ್ಳಿ. ತಿರುಗಿಸುವ ಮುಚ್ಚಳದ ಉಪ್ಪಿನಕಾಯಿ ಬಾಟಲಿ, ಎಣ್ಣೆ ಕ್ಯಾನು ಮುಳುಗಿದ್ದರೆ ಅವೂ ಹಾಗೆಯೇ. ಕೂಸಿನ ಹಾಲಿನ ಪುಡಿಯ ವಿಷಯದಲ್ಲಿ ಯೋಚನೆಯನ್ನೇ ಮಾಡಬೇಡಿ. ಉಳಿಯುವುದು ಕಾರ್ಖಾನೆಯಲ್ಲಿ ಮುಚ್ಚಿ ಬಂದ, ಕತ್ತರಿಸಿಯೇ ತೆರೆಯಬೇಕಾದ ತಗಡಿನ ಡಬ್ಬಿ ಮಾತ್ರ. ಅದೂ ಉಬ್ಬಿರಬಾರದು, ಸೋರಿರಬಾರದು, ಆಳವಾಗಿ ತುಕ್ಕು ಹಿಡಿದಿರಬಾರದು, ಅಂಚು ನಗ್ಗಿರಬಾರದು. ಮೇಲಿನ ಕಾಗದ ಕಿತ್ತು, ಸಾಬೂನಿನಿಂದ ಉಜ್ಜಿ ತೊಳೆದು, ಶುದ್ಧ ನೀರಿನಲ್ಲಿ ಮುಳುಗಿಸಿ, ನೀರು ಕುದಿ ಬಂದ ಮೇಲೆ ಎರಡು ನಿಮಿಷ ಬಿಟ್ಟು ತೆಗೆಯಿರಿ. ಒಳಗೆ ಏನಿದೆ, ಯಾವ ತಾರೀಖಿನವರೆಗೆ ಎಂಬುದನ್ನು ಕಾಗದ ಕೀಳುವ ಮೊದಲೇ ಬರೆದಿಟ್ಟುಕೊಂಡು, ಆರಿದ ಮೇಲೆ ಡಬ್ಬಿಯ ಮೇಲೆ ಬರೆಯಿರಿ.

ನೀರು ಮುಟ್ಟಿದ ಉಳ್ಳಾಗಡ್ಡಿ, ಬಟಾಟೆ, ಬಳ್ಳೊಳ್ಳಿ, ಸೊಪ್ಪು ಎಲ್ಲವೂ ಹೊರಗೆ. ಉಳ್ಳಾಗಡ್ಡಿಯ ಸಿಪ್ಪೆ ಸುಲಿದರೆ ಸಾಕಲ್ಲವೇ ಎನ್ನಬಹುದು, ಆದರೆ ಕೊಳೆ ನೀರು ಕುತ್ತಿಗೆಯಿಂದ ಒಳಪದರಕ್ಕೆ ಇಳಿಯುತ್ತದೆ. ಅಟ್ಟದ ಮೇಲಿದ್ದು ಬರೀ ಥಂಡಿ ಹಿಡಿದವನ್ನು ಕುತ್ತಿಗೆ ಒತ್ತಿ ನೋಡಿ. ಗಟ್ಟಿ ಇದ್ದವನ್ನು ಗಾಳಿಗೆ ಹರವಿ ಬೇಗ ಬಳಸಿ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕೆಟ್ಟ ಜೋಳವನ್ನು ಎಮ್ಮೆಗೆ ಇಡಬೇಡಿ. ಮನುಷ್ಯರಿಗೆ ಬೇಡವಾದದ್ದು ದನಕ್ಕಾದರೂ ಆಗಲಿ ಎಂದು ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ಬೂಸ್ಟಿನ ಅಫ್ಲಟಾಕ್ಸಿನ್ ಎಂಬ ವಿಷದ ಒಂದು ಪಾಲು ಹಾಲಿಗೆ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಚೆಲ್ಲಿದ ಕಾಳನ್ನು ಮನೆಮಕ್ಕಳು ಕುಡಿಯುವ ಹಾಲಿನಲ್ಲಿ ಮರಳಿ ಪಡೆದಂತಾಗುತ್ತದೆ. ಕೋಳಿಗೂ ಬೇಡ. ನೆನೆದ ಚೀಲಗಳನ್ನು ಗೋಡೆಯ ನೀರಿನ ಗೆರೆ ಕಾಣುವಂತೆ ಫೋಟೊ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ತೋರಿಸಿ, ಬಾವಿ ಮತ್ತು ಬೋರ್‌ವೆಲ್‌ನಿಂದ ದೂರ ತಗ್ಗು ತೋಡಿ ಹೂಳಿ. ಆದರೆ ಮೊದಲು ಮೇಲಿನ ಎರಡು ಚೀಲಗಳನ್ನು ಆ ಕೋಣೆಯಿಂದ ಹೊರಗೆ ತನ್ನಿ, ಇವತ್ತು ಸಂಜೆಯೊಳಗೆ.