‘ಏನೋ ಒಂದು ತೊಂದ್ರೆ ಇದೆ’ ಅಂದವರನ್ನು ಏನು ಕೇಳಬೇಕು?

ಚಿಕ್ಕಮಗಳೂರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಆಪ್ತಸಲಹೆಗೆ ಕೂರುತ್ತೇನೆ. ಇಂಥ ಪ್ರಕರಣ ಇಲ್ಲಿ ಮತ್ತೆ ಮತ್ತೆ ಬರುತ್ತದೆ. ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದನ್ನು ಬರೆಯುತ್ತಿದ್ದೇನೆ.

ಐವತ್ತು ದಾಟಿದ ಬೆಳೆಗಾರರು, ಮೂಡಿಗೆರೆ ಕಡೆಯವರು. ಸ್ವಲ್ಪ ಕಾಫಿ, ಮೆಣಸು, ಜೊತೆಗೆ ಸಾಲ. ಇಷ್ಟು ಸಾಕು. ಒಬ್ಬರೇ ಬಂದಿದ್ದರು. ರಿಸೆಪ್ಷನ್ನಿನ ಹುಡುಗಿ ಏನಾಗಿದೆ ಅಂತ ಕೇಳಿದ್ದಕ್ಕೆ, “ಏನೋ ಒಂದು ತೊಂದ್ರೆ ಇದೆ, ಚೀಟಿ ಬರ್ಕೊಳಮ್ಮ” ಅಂದರು. ಬೆಂಚಿನ ತುಂಬ ಜನ. ಅದರಲ್ಲಿ ಅವರ ಊರಿನವರೂ ಇರಬಹುದು, ಅಲ್ವಾ?

ಅವಳು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಿಲ್ಲ. ಬಿಪಿ ನೋಡೋಣ ಅಂತ ಪಕ್ಕದ ಕೋಣೆಗೆ ಕರೆದಳು. “ಹೌದು, ಇಲ್ಲ ಅಂದ್ರೆ ಸಾಕು ಅಣ್ಣ” ಅಂದಳು. ಎದೆನೋವಿದೆಯಾ? ಉಸಿರು ಕಟ್ಟುತ್ತಾ? ಎಲ್ಲಾದರೂ ರಕ್ತ ಹೋಗ್ತಿದೆಯಾ? ಒಂದು ಕಡೆ ಕೈಕಾಲು ಸೋತಿದೆಯಾ? ಎಲ್ಲಕ್ಕೂ ಇಲ್ಲ. ಕೊನೆಗೆ, “ಒಂದು ಗಂಟೆ ಕಾಯೋಕಾಗುತ್ತಾ?” ಅಂತ ಕೇಳಿದಳು.

“ಎಷ್ಟೊತ್ತಾದ್ರೂ ಕಾಯ್ತೀನಮ್ಮ. ಮನೆಗೆ ಹೋಗೋಕೇ ಭಯ.”

ಹೊಟ್ಟೆನೋವು, ಜ್ವರ ಅಂತ ಬಂದವರು ಹೀಗೆ ಹೇಳುವುದಿಲ್ಲ. ಬೇಗ ನೋಡಿ ಕಳಿಸಿ ಅಂತಾರೆ. ಇದು ಅವಳಿಗೆ ಹೊಳೆಯಿತು. ದನಿ ಏರಿಸದೆ ಕೇಳಿದಳು: “ಸಾಯಬೇಕು ಅಂತ ಯೋಚನೆ ಬರ್ತಿದೆಯಾ ಅಣ್ಣ?” ಅವರು ಹೌದು ಅಂತ ತಲೆ ಆಡಿಸಿದರು. “ಇವತ್ತು ಏನಾದ್ರೂ ತಗೊಂಡಿದೀರಾ?” ಇಲ್ಲ. “ತೋಟಕ್ಕೆ ಹೊಡೆಯೋ ಔಷಧಿ ಮನೇಲಿದೆಯಾ?” “ಶೆಡ್ಡಲ್ಲಿದೆ.”

ಅಲ್ಲಿಗೆ ಅವಳು ಪ್ರಶ್ನೆ ನಿಲ್ಲಿಸಿದಳು. ಆಯಾಳನ್ನು ಅವರ ಜೊತೆ ಕೂರಿಸಿ, ಸರದಿ ನೋಡದೆ ಡಾಕ್ಟರಿಗೆ ತಿಳಿಸಿದಳು.

ಆಮೇಲೆ ಕ್ಲಿನಿಕ್ಕಿನಲ್ಲೇ ತಕರಾರು ಬಂತು. ಸಾಯುವ ಮಾತು ಅವಳು ಯಾಕೆ ಎತ್ತಬೇಕಿತ್ತು, ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗಲ್ವಾ ಅಂತ. ಆಗುವುದಿಲ್ಲ. ನೇರವಾಗಿ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಅನ್ನುವುದನ್ನು ಅಧ್ಯಯನಗಳೂ ತೋರಿಸಿವೆ. ಸುತ್ತಿ ಬಳಸಿ ಕೇಳಿದ್ದರೆ ಅವರೂ ಸುತ್ತಿ ಬಳಸಿ ಉತ್ತರ ಕೊಟ್ಟು ಎದ್ದು ಹೋಗುತ್ತಿದ್ದರು. ಸಾಲ ಎಷ್ಟು, ಯಾರ ಜೊತೆ ಜಗಳ ಅಂತ ಅವಳು ಕೆದಕಿದ್ದರೆ ನಾನೇ ಆಕ್ಷೇಪಿಸುತ್ತಿದ್ದೆ. ಯಾರನ್ನು ಕಾಯಿಸಬಾರದು ಅಂತ ತಿಳಿಯುವಷ್ಟು ಮಾತ್ರ ಅವಳ ಕೆಲಸ. ರಿಜಿಸ್ಟರಿನಲ್ಲೂ “ಡಾಕ್ಟರ್ ಹತ್ರ ಹೇಳ್ತಾರೆ” ಅಂತಷ್ಟೇ ಬರೆದಿದ್ದಳು.

ಅವರ ಒಪ್ಪಿಗೆ ಪಡೆದು ಮಗನನ್ನು ಕರೆಸಿದೆವು. ಅಪ್ಪ ಮನೆ ತಲುಪುವ ಮೊದಲೇ ಔಷಧಿಯನ್ನೆಲ್ಲ ಬೇರೆಯವರ ಮನೆಯಲ್ಲಿ ಬೀಗ ಹಾಕಿಡಬೇಕು ಅಂದೆ. ಶೆಡ್ಡಿನಲ್ಲೇ ಬಚ್ಚಿಟ್ಟರೆ ಸಾಲದು. ಸಾಯಬೇಕು ಅನ್ನುವ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆಗ ಕೈಗೆ ಸಿಗಬಾರದು, ಅಷ್ಟೇ. ರಾತ್ರಿ ಒಬ್ಬರನ್ನೇ ಬಿಡಬೇಡ ಅಂದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಏನಾದರೂ ಕುಡಿದಿದ್ದಾರೆ ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತಾ ಕೂರದೆ 108ಕ್ಕೆ ಫೋನ್ ಮಾಡಿ, ಡಬ್ಬದ ಸಮೇತ ಆಸ್ಪತ್ರೆಗೆ ಹೋಗಬೇಕು ಅಂದೆ.

“ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಿ ಆಣೆ ಮಾಡಿಸ್ಲಾ?” ಅಂದ ಮಗ. ಬೇಡ ಅಂದೆ. ಆಣೆ ಮಾಡಿದ ಮೇಲೆ ಯೋಚನೆ ಮತ್ತೆ ಬಂದರೆ ಅವರು ನಿನ್ನ ಹತ್ತಿರವೂ ಹೇಳುವುದಿಲ್ಲ. ಅದರ ಬದಲು, ಎಷ್ಟು ಹೊತ್ತಾದರೂ ನನ್ನನ್ನು ಎಬ್ಬಿಸಿ ಅಂತ ನೀನೇ ಅವರಿಗೆ ಹೇಳು ಅಂದೆ.