ನೇಮದ ಆ ಒಂಬತ್ತು ದಿನ

"ವಯಸ್ಸು 29, ಸುರತ್ಕಲ್‌ನಲ್ಲಿದ್ದೇನೆ. ಮದುವೆಯಾಗಿ ಎಂಟು ತಿಂಗಳು. ಕಾಲೇಜಿನಿಂದಲೂ ಗಾಂಜಾ ಅಭ್ಯಾಸ, ಈಗ ದಿನಕ್ಕೆ ಮೂರು ನಾಲ್ಕು ಜಾಯಿಂಟ್. ಮೊದಲು ಸೇದಿದರೆ ಆಸೆ ಜಾಸ್ತಿಯಾಗುತ್ತಿತ್ತು. ಈಗ ಆಸೆಯೇ ಕಡಿಮೆ, ನಿಮಿರಿದರೂ ಅರ್ಧಕ್ಕೇ ಇಳಿಯುತ್ತದೆ. 'ನಾನು ಇಷ್ಟ ಇಲ್ವಾ' ಅಂತ ಹೆಂಡತಿ ಅಳುತ್ತಾಳೆ, ಅವಳಿಗೆ ಗಾಂಜಾ ವಿಷಯ ಗೊತ್ತಿಲ್ಲ. ಗೆಳೆಯನೊಬ್ಬ ಪಾರ್ಟಿಯಲ್ಲಿ ಎಂಡಿಎಂಎ ಜೊತೆ ನೀಲಿ ಮಾತ್ರೆ ಕೊಟ್ಟ, ಎರಡು ಸಲ ತೆಗೆದುಕೊಂಡೆ. ಕಳೆದ ತಿಂಗಳು ಮನೆಯ ನೇಮಕ್ಕೆ ಒಂಬತ್ತು ದಿನ ಊರಲ್ಲಿದ್ದೆ, ಏನೂ ಸೇದಲಿಲ್ಲ. ಸೆಕೆಗೆ ನಿದ್ದೆ ಬರಲಿಲ್ಲ, ಸಿಟ್ಟು ಬರುತ್ತಿತ್ತು. ಕೊನೆಯ ಎರಡು ದಿನ ಬೆಳಿಗ್ಗೆ ಏಳುವಾಗ ನಿಮಿರಿತ್ತು. ನನ್ನದು ಶಾಶ್ವತವಾಗಿ ಹೋಯಿತಾ?"

ಮಾರಾಯ್ರೆ, ಉತ್ತರ ನಿಮ್ಮ ಕೊನೆಯ ನಾಲ್ಕು ಸಾಲಲ್ಲೇ ಉಂಟು. ಅದನ್ನು ಹವಾಮಾನ ವರದಿಯ ಹಾಗೆ ಬರೆದು ಬಿಟ್ಟಿದ್ದೀರಿ!

ಆ ನಿದ್ದೆಗೇಡು, ಆ ಸಿಟ್ಟು ಬರೀ ಸೆಕೆಯದ್ದಲ್ಲ. ದಿನಾ ಸೇದುವವರು ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಇದು ಶುರುವಾಗುತ್ತದೆ, ಮೊದಲ ವಾರದಲ್ಲಿ ಜೋರಾಗಿರುತ್ತದೆ, ಎರಡು ವಾರದ ಹೊತ್ತಿಗೆ ಹೆಚ್ಚಿನವರಿಗೆ ಇಳಿಯುತ್ತದೆ. ನೀವು ಕಷ್ಟದ ಭಾಗವನ್ನು ಗೊತ್ತಿಲ್ಲದೇ ದಾಟಿ, ಗೆಲ್ಲುವ ಹೊತ್ತಿಗೆ ಬಸ್ ಹತ್ತಿ ವಾಪಸ್ ಬಂದಿರಿ.

ಬೆಳಗಿನದ್ದು ಇನ್ನೂ ಮುಖ್ಯ. ಕನಸು ಬೀಳುವ ನಿದ್ದೆಯಲ್ಲಿ ಗಂಡಸರಿಗೆ ರಾತ್ರಿ ಹಲವು ಸಲ ತಾನಾಗಿ ನಿಮಿರುತ್ತದೆ. ಬೆಳಗಿನದ್ದು ಅದರ ಕೊನೆಯ ಕಂತು. ಗಾಂಜಾ ಆ ಕನಸಿನ ನಿದ್ದೆಯನ್ನೇ ತಿನ್ನುತ್ತದೆ. ನಿಲ್ಲಿಸಿದ ಮೇಲೆ ಕನಸುಗಳು ಸಿನಿಮಾದ ಹಾಗೆ ಬೀಳುವುದೂ ಅದಕ್ಕೇ. ಹಾಗಾಗಿ ಆ ಎರಡು ಬೆಳಗ್ಗೆಗಳಿಂದ ಎಲ್ಲವೂ ಸರಿಯಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ನರ, ರಕ್ತನಾಳ ಎರಡೂ ಕೆಲಸ ಮಾಡುತ್ತಿವೆ ಎಂದು ಮಾತ್ರ ಗೊತ್ತಾಯಿತು. ಶಾಶ್ವತವಾಗಿ ಹೋದದ್ದು ಒಂಬತ್ತು ದಿನದಲ್ಲಿ ವಾಪಸ್ ಬರುತ್ತದಾ?

ಮೊದಲು ಆಸೆ ಏರುತ್ತಿತ್ತಲ್ಲ, ಅದೂ ಸುಳ್ಳಲ್ಲ. ಸ್ವಲ್ಪ ಸೇದಿದಾಗ ಸಂಕೋಚ ಹೋಗುತ್ತದೆ, ಮುಟ್ಟಿದ್ದೆಲ್ಲ ಜಾಸ್ತಿ ತಿಳಿಯುತ್ತದೆ. ಪ್ರಮಾಣ ಏರಿದರೆ ಮನಸ್ಸು ಎಲ್ಲೋ, ಮೈ ಎಲ್ಲೋ. ವರ್ಷಗಟ್ಟಲೆ ದಿನಾ ಸೇದಿದರೆ ಮಿದುಳು ಗಾಂಜಾವನ್ನು ಹಿಡಿಯುವ ಕೊಂಡಿಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ನಿಲ್ಲಿಸಿದರೆ ಅವು ಸುಮಾರು ನಾಲ್ಕು ವಾರದಲ್ಲಿ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತವೆ. ಗಾಂಜಾ ಒಂದೇ ನಿಮಿರುವಿಕೆ ಕೆಡಿಸುತ್ತದಾ ಎಂಬುದಕ್ಕೆ ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಯಾರು ಬರೀ ಗಾಂಜಾ ಸೇದುತ್ತಾರೆ? ಸಿಗರೇಟು ಖಾಲಿ ಮಾಡಿ, ಅದರ ತಂಬಾಕನ್ನೇ ಬೆರೆಸಿ ಸುತ್ತುತ್ತಾರೆ. ತಂಬಾಕಿನ ಮೇಲೆ ಯಾರಿಗೂ ಅನುಮಾನವಿಲ್ಲ, ಅದು ರಕ್ತನಾಳವನ್ನು ಬಿಗಿಯುತ್ತದೆ. ಅಲ್ಲಿನ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು, ಪೆಟ್ಟು ಅಲ್ಲೇ ಮೊದಲು ಗೊತ್ತಾಗುವುದು.

ಇನ್ನು ನಿಮ್ಮ ಆ ಗೆಳೆಯ. ನನ್ನ ಸಿಟ್ಟೆಲ್ಲ ಅವನ ಮೇಲೆ. ಎಂಡಿಎಂಎ ತೆಗೆದುಕೊಂಡರೆ ತಬ್ಬಿಕೊಳ್ಳುವ ಆಸೆ ಬರುತ್ತದೆ, ನಿಮಿರುವುದು ಮಾತ್ರ ಕೈಕೊಡುತ್ತದೆ. ಅದನ್ನು ಮುಚ್ಚಲಿಕ್ಕೆ ನೀಲಿ ಮಾತ್ರೆ. ಒಂದು ಕಡೆ ಎದೆಬಡಿತ, ಬಿಪಿ ಏರುವುದು, ಇನ್ನೊಂದು ಕಡೆ ಬಿಪಿಯನ್ನು ಇಳಿಸುವುದು, ಮಧ್ಯೆ ಸಿಕ್ಕಿಬಿದ್ದದ್ದು ಹೃದಯ. ಪಾರ್ಟಿಗಳಲ್ಲಿ ಮೂಸುವ ಪಾಪರ್ಸ್ ಎಂಬುದು ಸೇರಿದರಂತೂ ಬಿಪಿ ಪಾತಾಳಕ್ಕೆ ಇಳಿದು ಜೀವವೇ ಹೋಗಬಹುದು. ಎದೆನೋವು ಬಂದರೆ ಆಸ್ಪತ್ರೆಯಲ್ಲಿ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಗೂ ಇದೇ ಗತಿ. ಆ ನೀಲಿ ಮಾತ್ರೆ, ಅಂದರೆ ಸಿಲ್ಡೆನಾಫಿಲ್, ತೆಗೆದುಕೊಂಡು 24 ಗಂಟೆ ಆಗಿಲ್ಲದಿದ್ದರೆ ಮೊದಲು ಡಾಕ್ಟರಿಗೆ ಹೇಳಬೇಕು, ನಾಚಿಕೆ ಆಮೇಲೆ.

ಮಾಡಬೇಕಾದ್ದು ಒಂದೇ. ಇವತ್ತಿನಿಂದ ನಾಲ್ಕು ವಾರ ಗಾಂಜಾ, ಸಿಗರೇಟು, ಗೆಳೆಯನ ಮಾತ್ರೆ ಎಲ್ಲ ಬಂದ್. ಒಂದು ಬಿಟ್ಟು ಇನ್ನೊಂದು ಇಟ್ಟುಕೊಂಡರೆ ಯಾವುದರ ತಪ್ಪೆಂದು ಗೊತ್ತಾಗುವುದಿಲ್ಲ. ಕ್ಯಾಲೆಂಡರ್‌ನಲ್ಲಿ ಬೆಳಗಿನ ಲೆಕ್ಕ ಗುರುತು ಮಾಡಿ. ನಾಲ್ಕು ವಾರ ಕಳೆದರೂ ಖಾಲಿ ಇದ್ದರೆ ಮೂತ್ರರೋಗ ತಜ್ಞರ ಹತ್ತಿರ ಹೋಗಿ. ಸಕ್ಕರೆ, ಬಿಪಿ ನೋಡುತ್ತಾರೆ. ಟೆಸ್ಟೋಸ್ಟಿರೋನ್ ಪರೀಕ್ಷೆಗೆ ಬೆಳಿಗ್ಗೆಯೇ ರಕ್ತ ಕೊಡಬೇಕು, ಮಧ್ಯಾಹ್ನ ಅದು ಇಳಿದಿರುತ್ತದೆ. ಬಿಡಲಿಕ್ಕೇ ಆಗದಿದ್ದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಸಿಗೆಯ ಕಥೆ ಗೆಳೆಯನಿಗಿಂತ ಮೊದಲು ಹೆಂಡತಿಗೆ ಗೊತ್ತಾಗಬೇಕು ಎಂದು ನಾನು ಪ್ರತಿ ಸಲ ಬರೆಯುತ್ತೇನೆ, ನೀವು ಗಂಡಸರು ಪ್ರತಿ ಸಲ ಉಲ್ಟಾ ಮಾಡುತ್ತೀರಿ. ಎಂಟು ತಿಂಗಳಿಂದ ಆ ಹುಡುಗಿ ಕನ್ನಡಿ ಮುಂದೆ ನಿಂತು ತನ್ನದೇ ತಪ್ಪು ಹುಡುಕುತ್ತಿದ್ದಾಳೆ. ಮೊದಲ ವಾರ ನೀವು ಸುಮ್ನೆ ಸುಮ್ನೆ ರೇಗುತ್ತೀರಿ, ಅದನ್ನೂ ಅವಳೇ ತಲೆಗೆ ಹಚ್ಚಿಕೊಳ್ಳುತ್ತಾಳೆ. ಇವತ್ತು ರಾತ್ರಿ ಊಟವಾದ ಮೇಲೆ ಹೇಳಿ.